ರಾಕೆಟ್ ಬಿಟ್ಟೆ, ಸಂಬಳ ಮುಚ್ಚಿಹೋಯ್ತು
"ಪ್ರತಿ ಸಾಲಿಗೂ ಎಮೋಜಿ ಹಾಕಿದರೆ ಓದೋಕೆ ಸುಲಭ ಅಲ್ವಾ?"

ನಾನೂ ಹಾಗೇ ಅಂದುಕೊಂಡಿದ್ದೆ. ಹುಬ್ಬಳ್ಳಿ ಗೋಕುಲ ರಸ್ತೆಯ ನಮ್ಮ ವರ್ಕ್‌ಶಾಪಿಗೆ ಲೇತ್ ಆಪರೇಟರ್ ಬೇಕು ಅಂತ ಲಿಂಕ್ಡ್‌ಇನ್‌ನಲ್ಲಿ ಹಾಕಿದೆ. ಮೊದಲ ಸಾಲು "🚀🔥 ಸುವರ್ಣಾವಕಾಶ!", ಆಮೇಲೆ ಒಂದು ಖಾಲಿ ಸಾಲು. ಫೋನಿನಲ್ಲಿ ಮೊದಲ ಎರಡು-ಮೂರು ಸಾಲಷ್ಟೇ ಕಾಣುತ್ತವೆ, ಉಳಿದದ್ದು "more" ಒತ್ತಿದರೆ ಮಾತ್ರ. ಖಾಲಿ ಸಾಲೂ ಆ ಲೆಕ್ಕಕ್ಕೇ ಸೇರುತ್ತದೆ. ಕೆಲಸ, ಸಂಬಳ ಎರಡೂ ಒಳಗೇ ಉಳಿದವು. ಇದೇನು ಮೋಸದ ಜಾಹೀರಾತಾ ಅಂತ ಒಬ್ಬರು ಕೇಳಿಯೂಬಿಟ್ಟರು!

ಮತ್ತೆ ತಿದ್ದಿದೆ. "ಹುಬ್ಬಳ್ಳಿ: ಲೇತ್ ಆಪರೇಟರ್ ಬೇಕು, ತಿಂಗಳಿಗೆ ₹22,000" ಮೊದಲ ಸಾಲಿಗೆ ಬಂತು. ಆಮೇಲೆ ಎರಡೆರಡು ವಾಕ್ಯಕ್ಕೊಂದು ಖಾಲಿ ಸಾಲು. ಎಮೋಜಿ ಒಂದೇ, ವಿಳಾಸದ ಹತ್ತಿರ 📍. ಇನ್ನೊಂದು, ಕಣ್ಣು ಕಾಣದವರ ಫೋನು ಎಮೋಜಿಯ ಹೆಸರನ್ನೂ ಓದಿ ಹೇಳುತ್ತದೆ. ಸಾಲಿನ ಮುಂದೆ ಸುಮ್ನೆ ರಾಕೆಟ್ ಇಟ್ಟರೆ ಅವರು ಪ್ರತಿ ಸಲ "ರಾಕೆಟ್" ಕೇಳಿಸಿಕೊಂಡೇ ವಿಷಯಕ್ಕೆ ಬರಬೇಕು.