ನಗುಮುಖದ ಆಕಾರವನ್ನು ನೆಚ್ಚಿಕೊಳ್ಳಬೇಡಿ

"ಇಸಿಜಿಯಲ್ಲಿ ಎಸ್‌ಟಿ ಭಾಗ ನಗುಮುಖದಂತೆ ಒಳಬಾಗಿ ಮೇಲೆದ್ದಿದ್ದರೆ ಅದು ಪೆರಿಕಾರ್ಡೈಟಿಸ್, ಹೃದಯಾಘಾತವಲ್ಲ."

ಈ ಮಾತು ಅಪಾಯಕಾರಿ. ರಕ್ತನಾಳ ಮುಚ್ಚಿದ ಆರಂಭದಲ್ಲಿ, ಅದರಲ್ಲೂ ಎಡ ಮುಂಭಾಗದ ನಾಳ ಮುಚ್ಚಿದಾಗ, ಎಸ್‌ಟಿ ಎಷ್ಟೋ ಸಲ ಹೀಗೇ ಒಳಬಾಗಿರುತ್ತದೆ. ಆಕಾರಕ್ಕಿಂತ ಮೊದಲು ಯಾವ ಲೀಡ್‌ಗಳಲ್ಲಿ ಏರಿದೆ, ಎಲ್ಲಿ ಇಳಿದಿದೆ ಎಂದು ನೋಡಬೇಕು.

ನಾಳ ಪೂರ್ತಿ ಮುಚ್ಚಿದರೆ ಅದು ರಕ್ತ ಕೊಡುತ್ತಿದ್ದ ಸ್ನಾಯುವಿನ ಜೀವಕೋಶಗಳ ವಿದ್ಯುತ್ ಸ್ಥಿತಿ ಕೆಡುತ್ತದೆ. ಆ ಭಾಗಕ್ಕೂ ಪಕ್ಕದ ಆರೋಗ್ಯವಂತ ಸ್ನಾಯುವಿಗೂ ನಡುವೆ ಗಾಯದ ಪ್ರವಾಹ ಹರಿಯುತ್ತದೆ. ಹಾಗಾಗಿ ಆ ಭಾಗವನ್ನು ನೋಡುವ ಲೀಡ್‌ಗಳಲ್ಲಿ ಎಸ್‌ಟಿ ಏರುತ್ತದೆ, ಎದುರು ದಿಕ್ಕಿನವುಗಳಲ್ಲಿ ಇಳಿಯುತ್ತದೆ. ಪೆರಿಕಾರ್ಡೈಟಿಸ್‌ನಲ್ಲಿ ಉರಿಯೂತ ಹೃದಯದ ಹೊರಪದರದ ಸುತ್ತ ಹಬ್ಬಿರುತ್ತದೆ, ಯಾವುದೇ ಒಂದು ನಾಳದ ಗಡಿ ಅದಕ್ಕಿಲ್ಲ. ಅದಕ್ಕೇ ಹೆಚ್ಚಿನ ಲೀಡ್‌ಗಳಲ್ಲಿ ಏರಿಕೆ. ಇಳಿಕೆ ಸಾಮಾನ್ಯವಾಗಿ ಎವಿಆರ್ ಮತ್ತು ವಿ1ರಲ್ಲಿ ಮಾತ್ರ.

ಒಂದು ಇಸಿಜಿ ತೆಗೆದುಕೊಳ್ಳಿ: ಲೀಡ್ 2ರಲ್ಲಿ 1 ಮಿ.ಮೀ., ಲೀಡ್ 3ರಲ್ಲಿ 2 ಮಿ.ಮೀ. ಏರಿಕೆ, ಎವಿಎಲ್‌ನಲ್ಲಿ 1.5 ಮಿ.ಮೀ. ಇಳಿಕೆ. ಆಕಾರ ಎಷ್ಟೇ ಸೌಮ್ಯವಾಗಿರಲಿ, ಇದನ್ನು ಕೆಳಗೋಡೆಯ ಹೃದಯಾಘಾತ ಎಂದೇ ನೋಡಬೇಕು. ಲೀಡ್ 3ರ ಏರಿಕೆ 2ಕ್ಕಿಂತ ಹೆಚ್ಚಿರುವುದು ಬಲ ಕರೋನರಿಯತ್ತ ಬೊಟ್ಟು ಮಾಡುತ್ತದೆ. ಪೆರಿಕಾರ್ಡೈಟಿಸ್‌ನಲ್ಲಿ ಸಾಮಾನ್ಯವಾಗಿ 2ರದ್ದೇ ಹೆಚ್ಚು. ಪಿಆರ್ ಇಳಿಕೆ ಕಂಡಿತೆಂದು ಸಮಾಧಾನಪಡುವವರೂ ಇದ್ದಾರೆ, ಆದರೆ ಅದು ಹೃದಯಾಘಾತದಲ್ಲೂ ಕಾಣಬಹುದು. ಟ್ರೋಪೊನಿನ್ ಕೂಡ ಇಲ್ಲಿ ತೀರ್ಪು ಕೊಡದು: ಉರಿಯೂತ ಸ್ನಾಯುವಿಗೆ ತಗುಲಿದರೆ ಏರುತ್ತದೆ, ನಾಳ ಮುಚ್ಚಿದ ಮೊದಲ ಗಂಟೆಗಳಲ್ಲಿ ಸಹಜವಾಗಿಯೂ ಇರಬಹುದು. ಚಿತ್ರ ಅಸ್ಪಷ್ಟವಾಗಿ ನೋವು ಮುಂದುವರಿದಿದ್ದರೆ 15ರಿಂದ 30 ನಿಮಿಷಕ್ಕೊಮ್ಮೆ ಇಸಿಜಿ ಮತ್ತೆ ತೆಗೆಯಬೇಕು. ನಾಳ ಮುಚ್ಚಿದ್ದರೆ ಚಿತ್ರ ಸಾಮಾನ್ಯವಾಗಿ ನಿಮಿಷಗಳಲ್ಲೋ ಗಂಟೆಗಳಲ್ಲೋ ಬದಲಾಗುತ್ತದೆ, ಪೆರಿಕಾರ್ಡೈಟಿಸ್‌ನಲ್ಲಿ ದಿನಗಳು ಬೇಕು.