10-250

ವಿಳಾಸ ಹುಡುಕುವುದರಲ್ಲಿ ಬೆಂಗಳೂರಿನವರಿಗೆ ಯಾರೂ ಕಲಿಸಬೇಕಾಗಿಲ್ಲ. ಬ್ಲಾಕು, ಮೇನು, ಕ್ರಾಸು ಎಲ್ಲ ಬರೆದಿದ್ದರೂ ಕೊನೆಗೆ ನಾವು ಕೇಳುವುದು ‘ಹತ್ತಿರ ಏನಿದೆ ಹೇಳಿ’ ಅಂತಲೇ.

ಅಕ್ಕನ ಮಗಳು ಅಮೆರಿಕದ ಎಂಐಟಿಗೆ ಹೊರಟಾಗ ಜಯನಗರದ ಮನೆಯಲ್ಲಿ ಟೈಮ್‌ಟೇಬಲ್ ತೋರಿಸಿದಳು. ಮೊದಲ ಕ್ಲಾಸು ಎಲ್ಲಿ? 10-250. ಅಷ್ಟೇ. ರಸ್ತೆಯಿಲ್ಲ, ಕಟ್ಟಡದ ಹೆಸರಿಲ್ಲ.

ಗೆರೆಯ ಹಿಂದಿನದು ಕಟ್ಟಡ, ಮುಂದಿನದು ಕೋಣೆ. ಕೋಣೆಯ ಮೊದಲ ಅಂಕಿ ಮಹಡಿ. ಅಂದರೆ ಹತ್ತನೇ ಕಟ್ಟಡ, ಎರಡನೇ ಮಹಡಿ. ನಮ್ಮವರು ಎಡವುವುದು ಇಲ್ಲೇ. ಅಲ್ಲಿ ನೆಲಮಹಡಿಯೇ ಒಂದನೆಯದು. ಹಾಗಾಗಿ ಹತ್ತಬೇಕಾದದ್ದು ಒಂದೇ ಮಹಡಿ. ಬೆಂಗಳೂರಿನ ಲೆಕ್ಕದಲ್ಲಿ ಎರಡು ಹತ್ತಿದರೆ ಬಾಗಿಲುಗಳ ಮೇಲೆ ಮೂರರಿಂದ ಶುರುವಾಗುವ ನಂಬರು ಕಾಣುತ್ತದೆ. ಆಗ ಸುಮ್ನೆ ಒಂದು ಮಹಡಿ ಇಳಿಯುವುದು.

ಇನ್ನು ಕಟ್ಟಡ. ಮ್ಯಾಸಚೂಸೆಟ್ಸ್ ಅವೆನ್ಯೂ ಕಡೆಯ ದೊಡ್ಡ ಬಾಗಿಲಲ್ಲಿ ಒಳಹೋದರೆ ಅದು ಏಳನೇ ಕಟ್ಟಡ. ಅಲ್ಲಿಂದ ನೇರಕ್ಕೆ ಸುಮಾರು ಕಾಲು ಕಿಲೋಮೀಟರ್ ಉದ್ದದ ಓಣಿ, ಹೆಸರು ಇನ್‌ಫಿನಿಟ್ ಕಾರಿಡಾರ್. ಏಳಾದ ಮೇಲೆ ಎಂಟು ಬರುತ್ತದೆ ಅಂದುಕೊಂಡರೆ ಕೆಟ್ಟಿರಿ. ಬರುವುದು ಮೂರು, ಆಮೇಲೆ ಹತ್ತು, ನಾಲ್ಕು, ಕೊನೆಗೆ ಎಂಟು. ಕಟ್ಟಡಗಳು ಒಂದಕ್ಕೊಂದು ಅಂಟಿಕೊಂಡಿರುವುದರಿಂದ ಯಾವಾಗ ದಾಟಿದೆವು ಅನ್ನುವುದೂ ತಿಳಿಯುವುದಿಲ್ಲ. ಬಾಗಿಲ ಮೇಲಿನ ನಂಬರನ್ನೇ ನೋಡುತ್ತಾ ಹೋಗಬೇಕು.

ಹುಚ್ಚು ಲೆಕ್ಕ ಅಂತ ನಾನು ಬೈದೆ. ಆದರೆ ನದಿ ಕಡೆಯ ಹುಲ್ಲುಹಾಸಿನಲ್ಲಿ ದೊಡ್ಡ ಗುಮ್ಮಟದ ಕಡೆ ಮುಖಮಾಡಿ ನಿಂತರೆ ಗುಟ್ಟು ಬಯಲಾಗುತ್ತದಂತೆ. ಗುಮ್ಮಟದ ಕೆಳಗೆ ಹತ್ತು. ಎಡಕ್ಕೆ ಬೆಸ, ಬಲಕ್ಕೆ ಸರಿ. ನಮ್ಮ ಏರಿಯಾಗಳಿಗಿಂತ ಇದೇ ಜಾಸ್ತಿ ಶಿಸ್ತು, ಅಲ್ವಾ?

ಕಟ್ಟಡದ ನಂಬರಿಗಿಂತ ಮೊದಲು ಇಂಗ್ಲಿಷ್ ಅಕ್ಷರವಿದ್ದರೆ ಅದನ್ನು ನುಂಗಬಾರದು. E ಅಂದರೆ ಏಮ್ಸ್ ಸ್ಟ್ರೀಟಿನ ಪೂರ್ವಕ್ಕೆ. E14 ಅಂದರೆ ಮೀಡಿಯಾ ಲ್ಯಾಬ್, ಬರೀ 14 ಅಂದರೆ ಹೇಡನ್ ಲೈಬ್ರರಿ. whereis.mit.edu ನಕ್ಷೆಯಲ್ಲಿ ಹುಡುಕುವಾಗಲೂ ಅಕ್ಷರ ಸೇರಿಸಿಯೇ ಹಾಕಬೇಕು.

ಅವಳು ಕ್ಲಾಸಿನ ಹಿಂದಿನ ದಿನವೇ ಹೋಗಿ ಕೋಣೆ ನೋಡಿ ಬಂದು ಫೋನ್ ಮಾಡಿದಳು. ‘ಮಾವ, ಇಲ್ಲಿ ಕ್ಲಾಸು ಹೇಳಿದ ಹೊತ್ತಿಗಿಂತ ಐದು ನಿಮಿಷ ತಡವಾಗಿ ಶುರುವಾಗುತ್ತೆ, ಐದು ನಿಮಿಷ ಮೊದಲೇ ಮುಗಿಯುತ್ತೆ.’ ಆ ಹತ್ತು ನಿಮಿಷ ಒಂದು ಕೋಣೆಯಿಂದ ಇನ್ನೊಂದಕ್ಕೆ ಓಡಲು. ಇಷ್ಟು ವಿವೇಕ ನಮ್ಮ ಕಾಲೇಜುಗಳಿಗೂ ಬರಲಿ.

ಅಜ್ಜಿ ಫೋನ್ ಕಸಿದುಕೊಂಡರು. ‘ಅದೆಲ್ಲ ಇರಲಿ ಪುಟ್ಟಿ, ಹತ್ತಿರ ಏನಿದೆ?’

‘ಗುಮ್ಮಟ ಇದೆ ಅಜ್ಜಿ, ತುಂಬಾ ದೊಡ್ಡದು.’

‘ಹಾಗಾದರೆ ಸಿಗುತ್ತೆ ಬಿಡು’ ಅಂದರು.