‘ನಾನೇ ನೋಡ್ಕೋತೀನಿ’ ಅಂದ ಮಗುವಿನ ಮಾತು ನಂಬಿ ನಾಯಿಮರಿ ತರಬೇಡಿ

ತುಮಕೂರಿನ ಪಶು ಆಸ್ಪತ್ರೆಯೊಂದರ ಬೆಂಚಿನ ಮೇಲೆ, ಟವೆಲ್ಲಿನಲ್ಲಿ ಸುತ್ತಿದ ಮರಿಯನ್ನು ತೊಡೆ ಮೇಲಿಟ್ಟುಕೊಂಡು ಕೂತಿದ್ದ ಹುಡುಗನಿಗೆ ಅವರಪ್ಪ ಇವತ್ತು ಅಂದ ಮಾತಿದು: “ನೀನೇ ತಾನೇ ನೋಡ್ಕೋತೀನಿ ಅಂದಿದ್ದು? ಈಗ ನೋಡು.” ಹುಡುಗನಿಗೆ ಎಂಟು ವರ್ಷ ಇರಬಹುದು. ತಪ್ಪು ಯಾರದು ಅಂತ ಆ ಬೆಂಚಿನ ಮೇಲಿದ್ದವರಿಗೆಲ್ಲ ಗೊತ್ತಿತ್ತು. ಹುಡುಗನದಂತೂ ಅಲ್ಲ.

ಮಗು ಹಟ ಮಾಡುತ್ತೆ, ನಾವು ಕೈಲಿ ಕೈ ಇಡಿಸಿಕೊಂಡು ಭಾಷೆ ತಗೋತೀವಿ, ಮರಿ ತರ್ತೀವಿ. ಆ ಭಾಷೆಗೆ ಬೆಲೆ ಇಲ್ಲ ಯಾಕೆಂದರೆ ಮರಿಗೆ ಕೆಲಸ ಇರುವ ಹೊತ್ತಿನಲ್ಲಿ ಮಗು ಮನೆಯಲ್ಲೇ ಇರೋದಿಲ್ಲ. ಲೆಕ್ಕ ಹಾಕಿ ನೋಡಿ. ಅಪ್ಪ ಬೆಳಗ್ಗಿನ ರೈಲಿಗೆ ಬೆಂಗಳೂರಿಗೆ ಹೋಗ್ತಾರೆ, ಅಮ್ಮನಿಗೆ ಒಂಬತ್ತೂವರೆಗೆ ಕೆಲಸ, ಮಗುವಿನ ಸ್ಕೂಲ್ ವ್ಯಾನ್ ಎಂಟಕ್ಕೆ ಬಂದರೆ ವಾಪಸ್ ಬರೋದು ನಾಲ್ಕಕ್ಕೆ. ಎರಡು ತಿಂಗಳ ಮರಿ ಹೆಚ್ಚೆಂದರೆ ಮೂರು ಗಂಟೆ ಉಚ್ಚೆ ತಡೆಯುತ್ತೆ. ದಿನಕ್ಕೆ ನಾಲ್ಕು ಸಲ ಊಟ ಬೇಕು. ಎದ್ದ ಕೂಡಲೇ, ತಿಂದ ಮೇಲೆ, ಆಡಿದ ಮೇಲೆ ಒಂದೇ ಜಾಗಕ್ಕೆ ಎತ್ತಿಕೊಂಡು ಹೋಗಿ ನಿಲ್ಲಿಸಬೇಕು, ಇಲ್ಲದಿದ್ದರೆ ಮನೆಯೆಲ್ಲಾ ಅದಕ್ಕೆ ಒಂದೇ. ರಾತ್ರಿ ಎರಡು ಗಂಟೆ ಸುಮಾರಿಗೂ ಒಂದು ಸಲ ಏಳಬೇಕು. ಇದನ್ನೆಲ್ಲ ಹಾಳೆಯ ಮೇಲೆ ಬರೆದು, ಪ್ರತಿ ಹೊತ್ತಿನ ಎದುರಿಗೂ ದೊಡ್ಡವರೊಬ್ಬರ ಹೆಸರು ಹಾಕಿ. ಬೆಳಗ್ಗೆ ಹನ್ನೊಂದು ಗಂಟೆ, ಮಧ್ಯಾಹ್ನ ಎರಡು ಗಂಟೆ ಖಾಲಿ ಉಳಿಯುತ್ತೆ. ರಾತ್ರಿದು, ಭಾನುವಾರದ್ದು ಎಲ್ಲ ಅಮ್ಮನ ಹೆಸರಿಗೇ ಬಂದಿರುತ್ತೆ, ಅದೂ ಆಕೆಯನ್ನು ಒಂದು ಮಾತು ಕೇಳದೆ.

“ಜವಾಬ್ದಾರಿ ಕಲೀತಾರೆ ಬಿಡಿ” ಅನ್ನುತ್ತಾರೆ. ಕಲೀಲಿ, ಆದರೆ ಮರೆತರೂ ಜೀವಕ್ಕೆ ಕುತ್ತು ಬಾರದ ಕೆಲಸದಲ್ಲಿ ಕಲೀಲಿ: ತಟ್ಟೆ ತೊಳೆಯೋದು, ಮೈ ಬಾಚೋದು, ಸಂಜೆ ಆಡಿಸೋದು. ಲಸಿಕೆ ಅಂಥ ಕೆಲಸ ಅಲ್ಲ. ಎಂಟು ವಾರದ ಸುಮಾರಿಗೆ ಮೊದಲ ಸೂಜಿ, ಆಮೇಲೆ ಮೂರ್ನಾಲ್ಕು ವಾರಕ್ಕೊಂದರಂತೆ ಹದಿನಾರು ವಾರದವರೆಗೂ ಬೂಸ್ಟರ್, ಮೂರು ತಿಂಗಳು ತುಂಬಿದ ಮೇಲೆ ರೇಬೀಸಿನದು. ಮೊದಲ ಸೂಜಿ ಹಾಕಿಸಿ ‘ಆಯ್ತು’ ಅಂದುಕೊಳ್ಳುವ ಮನೆಗಳೇ ಜಾಸ್ತಿ. ತಾಯಿಯಿಂದ ಬಂದ ರಕ್ಷಣೆ ಮರಿಯ ಮೈಯಲ್ಲಿ ಇರುವಷ್ಟು ದಿನ ಲಸಿಕೆ ಸರಿಯಾಗಿ ನಾಟೋದಿಲ್ಲ. ಅದು ಯಾವತ್ತು ಇಳಿಯುತ್ತೆ ಅಂತ ಮರಿಯಿಂದ ಮರಿಗೆ ಬೇರೆ. ಅದಕ್ಕೇ ಮತ್ತೆ ಮತ್ತೆ ಹಾಕೋದು. ನಡುವೆ ಒಂದು ತಪ್ಪಿಸಿ ಬೀದಿಗೆ ಬಿಟ್ಟರೆ ಪಾರ್ವೋ ಅನ್ನೋ ವೈರಸ್ ರೋಗ ಬರೋದಕ್ಕೆ ದಾರಿ ಮಾಡಿಕೊಟ್ಟ ಹಾಗೆ.

ಪಾರ್ವೋ ಹಿಡಿದ ಮರಿ ಮೊದಲು ಮಂಕಾಗುತ್ತೆ, ಊಟ ಬಿಡುತ್ತೆ, ವಾಂತಿ ಮಾಡುತ್ತೆ, ಆಮೇಲೆ ಗಬ್ಬು ವಾಸನೆಯ, ರಕ್ತ ಬೆರೆತ ಭೇದಿ. ಮಗುವಿನ ಕಣ್ಣಿಗೆ ಅದು ‘ಮಲಗಿದೆ’ ಅಷ್ಟೇ. ದೊಡ್ಡವರು ಒಸಡು ಮುಟ್ಟಿ ನೋಡಬೇಕು: ಒದ್ದೆ ಇಲ್ಲದೆ ಅಂಟುತ್ತಿದ್ದರೆ, ಕತ್ತಿನ ಹಿಂದಿನ ಚರ್ಮ ಎಳೆದು ಬಿಟ್ಟಾಗ ನಿಧಾನಕ್ಕೆ ಇಳಿದರೆ, ಮೈಯಲ್ಲಿ ನೀರು ಹೋಗಿದೆ. ನಾಳೆ ನೋಡೋಣ ಅನ್ನೋ ಮಾತೇ ಇಲ್ಲ, ಅವತ್ತೇ ಡ್ರಿಪ್ ಬೇಕು. ಮರಿ ಸತ್ತರೆ ಮಗುವನ್ನು ಸಮಾಧಾನ ಮಾಡೋಕೆ ಮರುವಾರವೇ ಇನ್ನೊಂದು ತಂದು ಅದನ್ನೂ ಕಳಕೊಳ್ತಾರೆ. ಆ ವೈರಸ್ ಅಂಗಳದ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತೆ. ನೆಲ ಒರೆಸುವ ಮಾಮೂಲಿ ಫಿನಾಯಿಲ್ ನಂಬೋ ಹಾಗಿಲ್ಲ. ನೆಲ ತೊಳೆದ ಮೇಲೆ ಒಂದು ಪಾಲು ದ್ರವ ಬ್ಲೀಚಿಗೆ ಮೂವತ್ತು ಪಾಲು ನೀರು ಬೆರೆಸಿ, ಹತ್ತು ನಿಮಿಷ ಒದ್ದೆಯಾಗೇ ಬಿಡಬೇಕು.

ಇನ್ನೊಂದು ವಿಷಯ ನನಗೆ ನಿಜಕ್ಕೂ ಭಯ ಹುಟ್ಟಿಸುತ್ತೆ. ಮರಿ ಆಟಕ್ಕೆ ಕಚ್ಚಿ ರಕ್ತ ಬಂದರೆ ಮಗು ಹೇಳೋದಿಲ್ಲ. ಹೇಳಿದರೆ ‘ಸಾಕು, ವಾಪಸ್ ಬಿಟ್ಟು ಬರ್ತೀನಿ’ ಅಂತ ಅಪ್ಪ ಮೊದಲೇ ಹೆದರಿಸಿರ್ತಾರೆ. ಗೀರು ಸಣ್ಣದಿದ್ದರೂ ಹದಿನೈದು ನಿಮಿಷ ಹರಿಯೋ ನೀರಲ್ಲಿ ಸೋಪು ಹಚ್ಚಿ ತೊಳೆದು, ಅವತ್ತೇ ಆಸ್ಪತ್ರೆಗೆ ತೋರಿಸಬೇಕು. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಯೋದು ಇಲ್ಲವೇ ಇಲ್ಲ ಅನ್ನಬಹುದು. ಹಾಗಾಗಿ ಮರಿ ತರೋ ಮುಂಚೆ ಮನೆಯಲ್ಲಿ ಆಗಬೇಕಾದ ಮಾತು ಇದು: ಕಚ್ಚಿದ್ದು ಹೇಳಿದರೆ ಬೈಯಲ್ಲ, ಮರೀನ ಎಲ್ಲೂ ಬಿಡಲ್ಲ.

‘ಹಳ್ಳೀಲಿ ನಾಯಿ ತಾನಾಗೇ ಬೆಳೀತಿತ್ತಲ್ಲ, ಮುದ್ದೆ ಹಾಕಿದರೆ ಸಾಕಿತ್ತಲ್ಲ’ ಅನ್ನೋರಿಗೆ: ಅಲ್ಲಿ ಹಗಲೆಲ್ಲ ಅಜ್ಜಿಯೋ ತಾತನೋ ಮನೆ ಮುಂದೆ ಇರುತ್ತಿದ್ದರು. ಹಾಗಿದ್ದೂ ಎಷ್ಟು ಮರಿ ಸತ್ತವು ಅಂತ ಯಾರೂ ಎಣಿಸಲಿಲ್ಲ.

ಬೇಸಿಗೆ ರಜೆಗೆ ತಂದರೂ ಹಾಳೆಯ ಖಾಲಿ ಜಾಗ ತುಂಬೋದಿಲ್ಲ. ಏಪ್ರಿಲ್ ಮಧ್ಯದಲ್ಲಿ ಬಂದ ಎರಡು ತಿಂಗಳ ಮರಿಗೆ ಸ್ಕೂಲು ಶುರುವಾಗುವ ಹೊತ್ತಿಗೆ ಲಸಿಕೆಯ ಸರದಿಯೇ ಮುಗಿದಿರೋದಿಲ್ಲ. ಆ ಎರಡು ಹೊತ್ತಿಗೆ ಹೆಸರು ಸಿಗದಿದ್ದರೆ ಮಗುವಿಗೆ ನೇರವಾಗಿ ಹೇಳಿ: “ಮಧ್ಯಾಹ್ನ ಮನೇಲಿ ಯಾರೂ ಇರಲ್ಲ ಕಂದ, ಅದಕ್ಕೇ ಮರಿ ಬೇಡ.” ನಾಯಿ ಬೇಕೇ ಬೇಕು ಅನ್ನಿಸಿದರೆ ವರ್ಷ ದಾಟಿದ, ಲಸಿಕೆಯಾದ, ಜನರಿಗೆ ಹೊಂದಿಕೊಂಡ ನಾಟಿ ನಾಯಿಯನ್ನು ನೋಡಿ. ಅದಕ್ಕೆ ದಿನಕ್ಕೆ ಎರಡು ಊಟ ಸಾಕು, ಆರೇಳು ಗಂಟೆ ತಡೆದುಕೊಳ್ಳುತ್ತೆ. ಆಗಲೂ ಆಸ್ಪತ್ರೆಯ ಕಾರ್ಡಿನ ಮೇಲೆ ಬರೆಸಬೇಕಾದ್ದು ಅಪ್ಪನ ಇಲ್ಲವೇ ಅಮ್ಮನ ಹೆಸರು, ಬೂಸ್ಟರ್ ತಾರೀಖು ಇರಬೇಕಾದ್ದು ಅವರ ಫೋನಿನಲ್ಲಿ.